ಸಿಟ್ಟಿನ ಮೇಲ್‌ಗೆ ನಾಲ್ಕು ಬಗೆಯ ಉತ್ತರ: ಹೊಣೆ ಒಪ್ಪುವ ಮುನ್ನ ಏನು ಬರೆಯಬೇಕು

ರಾಯಚೂರಿನ ಒಂದು ಇನ್ವರ್ಟರ್ ಅಂಗಡಿಗೆ ಏಪ್ರಿಲ್ ತಿಂಗಳ ಒಂದು ರಾತ್ರಿ ಇಂಥ ಮೇಲ್ ಬಂತು ಎಂದು ಇಟ್ಟುಕೊಳ್ಳಿ:

"ನಿಮ್ಮ ಅಂಗಡಿ ಬ್ಯಾಟರಿ ನಿನ್ನೆ ರಾತ್ರಿ ಬಾಂಬಿನಂಗ ಸಿಡಿದದ. ನಮ್ಮವ್ವನ ಕಾಲಿಗೆ ಆಸಿಡ್ ಬಿದ್ದು ಸುಟ್ಟದ. ಗ್ವಾಡಿ, ಕಪಾಟು ಎಲ್ಲಾ ಹಾಳಾಗ್ಯಾವ. ಹದಿನಾಲ್ಕು ತಿಂಗಳದಾಗ ಸಿಡಿಯೋ ಮಾಲು ಮಾರ್ತೀರಿ ಅಂದ್ರ ನೀವು ಮನುಷ್ಯರೇನು? ಹೊಸ ಬ್ಯಾಟರಿ, ದವಾಖಾನಿ ಖರ್ಚು 6,200, ಕಪಾಟಿಂದು 18,000, ಮ್ಯಾಲ ಎರಡು ಲಕ್ಷ ಪರಿಹಾರ ಎರಡು ದಿನದಾಗ ಕೊಡ್ರಿ. ಇಲ್ಲಾಂದ್ರ ಗ್ರಾಹಕರ ಕೋರ್ಟಿಗೆ ಹೋಗ್ತೀನಿ."

150 ಎಎಚ್ ಟ್ಯೂಬುಲರ್ ಬ್ಯಾಟರಿ. ಮೆಟ್ಟಿಲ ಕೆಳಗಿನ ಮರದ ಕಪಾಟಿನಲ್ಲಿ ಇಟ್ಟಿದ್ದರು. ಕೂಡಿಸಿದ್ದು ಅಂಗಡಿಯ ಮೆಕ್ಯಾನಿಕ್. ಈ ಮೇಲ್ ಓದಿದ ಮಾಲೀಕರಿಗೆ ಆ ಹೊತ್ತಿನಲ್ಲಿ ಗೊತ್ತಿರುವುದು ಇಷ್ಟೇ. ಬ್ಯಾಟರಿ ಯಾಕೆ ಸಿಡಿಯಿತು ಎಂಬುದು ಅವರಿಗೂ ಗೊತ್ತಿಲ್ಲ, ಗಿರಾಕಿಗೂ ಗೊತ್ತಿಲ್ಲ.

ಚಾರ್ಜ್ ಆಗುವಾಗ ಆಸಿಡ್ ಬ್ಯಾಟರಿ ಹೈಡ್ರೋಜನ್ ಅನಿಲ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಕಿಡಿ ಹಲವು ಕಡೆಯಿಂದ ಬರಬಹುದು. ನೀರು ಇಳಿದು ಪ್ಲೇಟುಗಳು ಬಯಲಾದಾಗ ಸೆಲ್ಲಿನ ಒಳಗೇ ಹುಟ್ಟಬಹುದು, ಸಡಿಲವಾದ ಟರ್ಮಿನಲ್‌ನಿಂದಲೂ ಹಾರಬಹುದು. ಇನ್ವರ್ಟರ್ ಮಿತಿಮೀರಿ ಚಾರ್ಜ್ ಮಾಡಿದ್ದರೆ ಅನಿಲ ಹೆಚ್ಚುತ್ತದೆ. ಕಪಾಟಿಗೆ ಗಾಳಿಯಾಡುವ ತೂತು ಇಲ್ಲದಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ಬ್ಯಾಟರಿಯ ಒಳಗಿನ ಬೆಸುಗೆಯೇ ತಯಾರಿಕೆಯಲ್ಲಿ ಕೆಟ್ಟಿರಲೂಬಹುದು. ಕಾರಣ ಬದಲಾದಂತೆ ಹೊಣೆ ಹೊರುವವರೂ ಬದಲಾಗುತ್ತಾರೆ: ಬ್ಯಾಟರಿ ಕಂಪನಿ, ಇನ್ವರ್ಟರ್ ಕಂಪನಿ, ಕೂಡಿಸಿದ ಅಂಗಡಿ, ಆಮೇಲೆ ಕೈಹಾಕಿದ ಮನೆಯ ಎಲೆಕ್ಟ್ರಿಷಿಯನ್, ಇಲ್ಲವೇ ನೀರು ಹಾಕದ ಮನೆಯವರು. ಹಾಗಾಗಿ ರಾತ್ರಿ ಹತ್ತಕ್ಕೆ ಕೂತು "ತಪ್ಪು ನಮ್ಮದೇ" ಎಂದರೂ ಸುಳ್ಳಾಗಬಹುದು, "ನಮ್ಮದಲ್ಲ" ಎಂದರೂ ಸುಳ್ಳಾಗಬಹುದು.

ಅಂಗಡಿಯವರ ಮುಂದೆ ಸಾಮಾನ್ಯವಾಗಿ ನಾಲ್ಕು ದಾರಿ ಇರುತ್ತವೆ.

ಒಂದು: ಪೂರ್ತಿ ಕ್ಷಮೆ, ಪೂರ್ತಿ ಭರವಸೆ

"ನಮ್ಮಿಂದಾದ ತೊಂದರೆಗೆ ದಯವಿಟ್ಟು ಕ್ಷಮಿಸಿ ಸರ್. ಬ್ಯಾಟರಿ ಸರಿಯಿರಲಿಲ್ಲ ಅನಿಸುತ್ತದೆ. ನಿಮ್ಮ ಖರ್ಚೆಲ್ಲ ನಾವು ಕೊಡುತ್ತೇವೆ."

ಒಳ್ಳೆಯ ಮನಸ್ಸಿನವರು ಬರೆಯುವ ಉತ್ತರ ಇದು. ಸಿಟ್ಟನ್ನು ಇದರಷ್ಟು ಬೇಗ ಇಳಿಸುವುದು ಬೇರೆ ಯಾವುದೂ ಇಲ್ಲ. ಆದರೆ ಈ ಮೂರು ವಾಕ್ಯಗಳಲ್ಲಿ ಮೂರು ಬೇರೆ ಬೇರೆ ಒಪ್ಪಿಗೆಗಳಿವೆ. ತೊಂದರೆ ನಮ್ಮಿಂದ ಆಯಿತು ಎಂಬುದು ಮೊದಲನೆಯದು, ಮಾಲಿನಲ್ಲಿ ದೋಷವಿತ್ತು ಎಂಬುದು ಎರಡನೆಯದು, ಹಣ ಕೊಡುವ ಬಾಧ್ಯತೆ ನಮ್ಮದು ಎಂಬುದು ಮೂರನೆಯದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ, ಅದಕ್ಕೂ ಮೊದಲಿದ್ದ 1872ರ ಕಾಯ್ದೆಯಲ್ಲೂ, ಇಂಥ ಬರಹವನ್ನು ಬರೆದವರ ವಿರುದ್ಧ ಸಾಕ್ಷಿಯಾಗಿ ತರಬಹುದು. ಒಪ್ಪಿಗೆಯೊಂದೇ ಅಂತಿಮ ಪುರಾವೆಯಲ್ಲ, ಅದು ತಪ್ಪು ಎಂದು ತೋರಿಸಲು ಅವಕಾಶವಿದೆ. ಆದರೆ ತೋರಿಸುವ ಭಾರ ಅಲ್ಲಿಂದ ಮುಂದೆ ನಿಮ್ಮ ಹೆಗಲಿಗೆ ಬರುತ್ತದೆ.

ಇನ್ನೂ ಎರಡು ಪೆಟ್ಟುಗಳಿವೆ, ಅವು ಕೋರ್ಟಿಗೆ ಹೋಗುವ ಮೊದಲೇ ಬೀಳುತ್ತವೆ. ಅಂಗಡಿಗೆ ಹೊಣೆಗಾರಿಕೆಯ ವಿಮೆ ಇದ್ದರೆ ಪಾಲಿಸಿಯ ಷರತ್ತುಗಳನ್ನು ತೆಗೆದು ನೋಡಿ: ವಿಮಾ ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಬಾರದು, ಹಣ ಕೊಡುವ ಮಾತು ಕೊಡಬಾರದು ಎಂಬ ಷರತ್ತು ಇಂಥ ಪಾಲಿಸಿಗಳಲ್ಲಿ ಸಾಮಾನ್ಯ. ಆ ಒಂದು ಮೇಲ್ ತೋರಿಸಿ ಅವರು ಕ್ಲೇಮು ತಳ್ಳಿಹಾಕಬಹುದು. ಬ್ಯಾಟರಿ ಕಂಪನಿಯೂ "ನಮ್ಮನ್ನು ಕೇಳದೆ ನೀವೇ ಒಪ್ಪಿಕೊಂಡಿದ್ದೀರಿ, ನೀವೇ ಕೊಡಿ" ಎನ್ನಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೇ ಕಲಮಿನಲ್ಲಿ, ತಯಾರಕರಲ್ಲದ ಮಾರಾಟಗಾರರು ಯಾವಾಗ ಹೊಣೆಗಾರರಾಗುತ್ತಾರೆ ಎಂಬ ಪಟ್ಟಿ ಇದೆ. ತಯಾರಕರು ಕೊಟ್ಟದ್ದಲ್ಲದೆ ಮಾರಾಟಗಾರರು ತಾವೇ ಬೇರೆ ವಾರಂಟಿ ಕೊಟ್ಟು, ಮಾಲು ಅದರಂತೆ ನಡೆಯದೆ ಹಾನಿಯಾಗಿದ್ದರೆ ಅದೂ ಆ ಪಟ್ಟಿಯಲ್ಲಿದೆ. ಆದ್ದರಿಂದ ಸಮಾಧಾನಕ್ಕೆಂದು "ಹೊಸ ಬ್ಯಾಟರಿಗೆ ಐದು ವರ್ಷ ಏನೂ ಆಗದಂತೆ ನಮ್ಮ ಜವಾಬ್ದಾರಿ" ಎಂದು ಮೇಲ್‌ನಲ್ಲಿ ಬರೆಯುವ ಅಭ್ಯಾಸ ಮುಂದಿನ ದೂರಿಗೆ ತಳಪಾಯ ಹಾಕಿದಂತೆ.

ಹಾಗೆಂದು ಈ ದಾರಿ ಎಂದೂ ಬೇಡವೆಂದಲ್ಲ. ಬಿಲ್ಲಿನಲ್ಲಿ 200 ರೂಪಾಯಿ ಹೆಚ್ಚು ಹಿಡಿದಿದ್ದರೆ, 150 ಎಎಚ್ ಬದಲು 120 ಎಎಚ್ ಕಳಿಸಿದ್ದರೆ, ಕಾರಣ ಕಣ್ಣೆದುರೇ ಇದೆ, ಯಾರಿಗೂ ಗಾಯವಾಗಿಲ್ಲ. ಅಲ್ಲಿ ನೇರವಾಗಿ ತಪ್ಪು ಒಪ್ಪಿ ಅದೇ ದಿನ ಸರಿಪಡಿಸುವುದೇ ಸರಿ. ಅಲ್ಲೂ ವಕೀಲರ ಭಾಷೆ ಬಳಸುವವರು ಗಿರಾಕಿಯನ್ನೂ ಕಳೆದುಕೊಳ್ಳುತ್ತಾರೆ, ಹೆಸರನ್ನೂ ಕಳೆದುಕೊಳ್ಳುತ್ತಾರೆ.

ಎರಡು: ಕಾನೂನಿನ ಕೋಟೆ ಕಟ್ಟುವುದು

"ತಾವು ಆರೋಪಿಸಿರುವ ಸಂಗತಿಗಳನ್ನು ಸಂಪೂರ್ಣವಾಗಿ ನಿರಾಕರಿಸುತ್ತೇವೆ. ಬಳಕೆಯ ದೋಷಕ್ಕೆ ಸಂಸ್ಥೆ ಹೊಣೆಯಲ್ಲ."

ಇದರಲ್ಲಿ ಒಪ್ಪಿಗೆ ಇಲ್ಲ, ನಿಜ. ಆದರೆ ಪರೀಕ್ಷೆ ಮಾಡುವ ಮೊದಲೇ "ಬಳಕೆಯ ದೋಷ" ಎಂದು ತೀರ್ಪು ಕೊಟ್ಟಾಗಿದೆ. ನಾಳೆ ಮೆಕ್ಯಾನಿಕ್ಕೇ ಟರ್ಮಿನಲ್ ಬಿಗಿ ಮಾಡಿರಲಿಲ್ಲ ಎಂದು ಹೊರಬಿದ್ದರೆ, ನೋಡದೆಯೇ ಗಿರಾಕಿಯ ಮೇಲೆ ತಪ್ಪು ಹೊರಿಸಿದಿರಿ ಎಂದು ಈ ಮೇಲ್ ನಿಮ್ಮ ವಿರುದ್ಧವೇ ಓದಿಸಿಕೊಳ್ಳುತ್ತದೆ. ತಾಯಿಯ ಕಾಲು ಸುಟ್ಟಿದೆ ಎಂದು ಬರೆದವರಿಗೆ ಆ ತಾಯಿಯ ಬಗ್ಗೆ ಒಂದು ಮಾತೂ ಇಲ್ಲದ ಉತ್ತರ ಹೋದರೆ, ಅದುವರೆಗೆ ಬರೀ ಬೆದರಿಕೆಯಾಗಿದ್ದ ದೂರು ಮರುದಿನ ನಿಜವಾಗಿಯೂ ದಾಖಲಾಗುತ್ತದೆ. ಅದು ಅವರಿಗೆ ಕಷ್ಟದ ಕೆಲಸವೂ ಅಲ್ಲ. ಗ್ರಾಹಕರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬಳ್ಳಾರಿಯ ಅಂಗಡಿಯಲ್ಲಿ ಕೊಂಡ ಗಂಗಾವತಿಯವರು ಕೊಪ್ಪಳದ ಗ್ರಾಹಕ ಆಯೋಗಕ್ಕೆ ಹೋದರೆ ತಿರುಗಾಡಬೇಕಾದವರು ಅಂಗಡಿಯವರು.

ಈ ದಾರಿಯಲ್ಲಿ ಬಹಳ ಜನ ನೆಚ್ಚುವ ಮಂತ್ರವೊಂದಿದೆ: ಮೇಲ್‌ನ ತಲೆಯ ಮೇಲೆ "ವಿದೌಟ್ ಪ್ರಿಜುಡೀಸ್", ಅಂದರೆ ನಮ್ಮ ಹಕ್ಕಿಗೆ ಧಕ್ಕೆಯಾಗದಂತೆ, ಎಂದು ಬರೆಯುವುದು. ಅದನ್ನು ಹಾಕಿದರೆ ಕೆಳಗೆ ಏನು ಬರೆದರೂ ಅಂಟುವುದಿಲ್ಲ ಎಂಬ ನಂಬಿಕೆ ತಪ್ಪು. ಸಾಕ್ಷ್ಯ ಅಧಿನಿಯಮದ 21ನೇ ಕಲಮು, ಅಂದರೆ ಹಳೆಯ ಕಾಯ್ದೆಯ 23ನೆಯದು, ಸಿವಿಲ್ ವ್ಯಾಜ್ಯಗಳಲ್ಲಿ ಒಂದು ರಕ್ಷಣೆ ಕೊಡುತ್ತದೆ. ಸಾಕ್ಷಿಯಾಗಿ ಬಳಸಬಾರದು ಎಂಬ ಸ್ಪಷ್ಟ ಷರತ್ತಿನ ಮೇಲೆ ಮಾಡಿದ, ಅಥವಾ ಎರಡೂ ಕಡೆಯವರು ಹಾಗೆ ಒಪ್ಪಿದ್ದರು ಎಂದು ಸಂದರ್ಭದಿಂದಲೇ ತಿಳಿಯುವ ಒಪ್ಪಿಗೆಯನ್ನು ಸಾಕ್ಷಿಯಾಗಿ ತರುವಂತಿಲ್ಲ. ಇದು ನಿಜವಾದ ರಾಜಿ ಮಾತುಕತೆಯನ್ನು ಕಾಯುವುದಕ್ಕೆ ಇರುವ ರಕ್ಷಣೆ. ಮೊದಲ ದಿನದ ಮಾಮೂಲಿ ಉತ್ತರಕ್ಕೆ ಅದೇ ಪದವನ್ನು ಅಂಟಿಸಿ ಕೆಳಗೆ "ನಮ್ಮ ಹುಡುಗ ಸರಿಯಾಗಿ ಕೂಡಿಸಿರಲಿಲ್ಲ" ಎಂದು ಬರೆದರೆ, ಅಲ್ಲಿ ರಾಜಿಯೂ ಇಲ್ಲ, ಮಾತುಕತೆಯೂ ಇಲ್ಲ. ಆ ಪದ ಒಬ್ಬ ಸಾಮಾನ್ಯ ಗಿರಾಕಿಗೆ "ಇವರು ಆಗಲೇ ವಕೀಲರನ್ನು ಹಿಡಿದಿದ್ದಾರೆ" ಎಂಬ ಸುದ್ದಿಯನ್ನೂ ಕೊಡುತ್ತದೆ.

ಮೂರು: ಬರೆಯದೆ ಫೋನಿನಲ್ಲೇ ಮುಗಿಸುವುದು

ಬರಹ ಇಲ್ಲದಿದ್ದರೆ ಸಾಕ್ಷಿಯೂ ಇಲ್ಲ ಎಂಬ ಲೆಕ್ಕ. ಆದರೆ ಗಿರಾಕಿಯ ಮೇಲ್ ಇದೆ, ಅದಕ್ಕೆ ಉತ್ತರವಿಲ್ಲ ಎಂಬುದೂ ದಾಖಲೆಯೇ. ಫೋನ್ ರೆಕಾರ್ಡ್ ಆಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮಾಲೀಕರು ಸುಮ್ಮನಿದ್ದಾಗ ಅವರ ಪರವಾಗಿ ಬೇರೆಯವರು ಮಾತಾಡುತ್ತಾರೆ. ಮೆಕ್ಯಾನಿಕ್ ಹೋಗಿ ಸಮಾಧಾನಕ್ಕೆ "ನಮ್ಮದೇ ತಪ್ಪಾತ್ರಿ ಸರ್" ಎಂದು ವಾಟ್ಸಾಪ್ ಹಾಕಿಬಿಡುತ್ತಾನೆ. ಅಂಗಡಿಯ ಪರವಾಗಿ ಮಾತಾಡುವ ಅಧಿಕಾರ ಇರುವವರ ಮಾತು ಅಂಗಡಿಯ ಮಾತೇ ಆಗುತ್ತದೆ, ಮತ್ತು ಆ ಹುಡುಗನಿಗೆ ಅಧಿಕಾರವಿತ್ತೋ ಇಲ್ಲವೋ ಎಂಬುದೇ ಆಮೇಲೆ ಒಂದು ಜಗಳವಾಗುತ್ತದೆ. ಫೋನ್ ಮಾಡಿ, ಖಂಡಿತ ಮಾಡಿ. ಮಾತಾಡಿದ್ದನ್ನು ಅದೇ ದಿನ ಎರಡು ಸಾಲಿನಲ್ಲಿ ಮೇಲ್ ಮಾಡಿ.

ನಾಲ್ಕು: ನೋವಿಗೆ ಸ್ಪಂದನೆ, ಕಾರಣದ ಬಗ್ಗೆ ಮೌನ, ಪರೀಕ್ಷೆಗೆ ದಿನಾಂಕ

ಗಾಯವಾಗಿದ್ದರೆ, ಕಾರಣ ತಿಳಿಯದಿದ್ದರೆ, ಕೇಳಿದ ಹಣ ಮಾಲಿನ ಬೆಲೆಗಿಂತ ದೊಡ್ಡದಿದ್ದರೆ, ಇದೇ ದಾರಿ. ಮೇಲ್ ಬಂದ ಮರುದಿನ ಮಧ್ಯಾಹ್ನದೊಳಗೆ ಹೋಗಬೇಕಾದ ಉತ್ತರ ಹೀಗಿರಬಹುದು:

"ಮಾನ್ಯರೇ, ನಿಮ್ಮ ಮೇಲ್ ಓದಿದೆ. ತಾಯಿಯವರ ಕಾಲಿಗೆ ಸುಟ್ಟಗಾಯವಾಗಿದೆ ಎಂದು ತಿಳಿದು ತುಂಬಾ ಸಂಕಟವಾಯಿತು. ಅವರು ಈಗ ಹೇಗಿದ್ದಾರೆ? ದಯವಿಟ್ಟು ಇನ್ವರ್ಟರ್ ಆಫ್ ಮಾಡಿ, ಅದರ ಪ್ಲಗ್ ತೆಗೆದಿಡಿ. ಬ್ಯಾಟರಿಯನ್ನಾಗಲಿ ಚೆಲ್ಲಿದ ಆಸಿಡ್ಡನ್ನಾಗಲಿ ಯಾರೂ ಬರಿಗೈಯಲ್ಲಿ ಮುಟ್ಟಬೇಡಿ. ಮೈಗೆ ತಗುಲಿದರೆ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆದು ವೈದ್ಯರಿಗೆ ತೋರಿಸಿ. ಬ್ಯಾಟರಿ, ಅದರ ಚೂರುಗಳು ಇದ್ದಲ್ಲೇ ಇರಲಿ, ಗುಜರಿಗೆ ಹಾಕಬೇಡಿ. ಘಟನೆಗೆ ಕಾರಣ ಏನೆಂದು ನಮಗೆ ಇನ್ನೂ ತಿಳಿದಿಲ್ಲ. ಅದನ್ನು ನೋಡಲು ನಾಳೆ ಬೆಳಿಗ್ಗೆ 11ಕ್ಕೆ ನಾನೇ ತಂತ್ರಜ್ಞರ ಜೊತೆ ನಿಮ್ಮ ಮನೆಗೆ ಬರುತ್ತೇನೆ, ಬ್ಯಾಟರಿ ಕಂಪನಿಗೂ ತಿಳಿಸಿದ್ದೇನೆ. ಪರೀಕ್ಷೆ ನಿಮ್ಮೆದುರೇ ನಡೆಯಲಿ, ನಿಮ್ಮ ಕಡೆಯ ಎಲೆಕ್ಟ್ರಿಷಿಯನ್ ಇದ್ದರೂ ಒಳ್ಳೆಯದು. ಬಿಲ್, ವಾರಂಟಿ ಕಾರ್ಡ್, ಫೋಟೋ, ದವಾಖಾನೆಯ ಚೀಟಿಗಳಿದ್ದರೆ ಕಳಿಸಿ. ನೀವು ಕೇಳಿರುವ ಮೊತ್ತದ ಬಗ್ಗೆ ಪರೀಕ್ಷೆಯ ನಂತರ, ಈ ತಿಂಗಳ 24ರ ಒಳಗೆ ಬರಹದಲ್ಲೇ ಉತ್ತರಿಸುತ್ತೇನೆ."

ಈ ಉತ್ತರದಲ್ಲಿ ಒಂದೇ ಒಂದು ಸುಳ್ಳಿಲ್ಲ, ಒಂದೂ ಒಪ್ಪಿಗೆಯಿಲ್ಲ. ಎರಡು ಲಕ್ಷವನ್ನು ಒಪ್ಪಿಯೂ ಇಲ್ಲ, ತಿರಸ್ಕರಿಸಿಯೂ ಇಲ್ಲ. ದಿನಾಂಕ ಮಾತ್ರ ಗಟ್ಟಿ. ಆ 24 ತಪ್ಪಿದರೆ ಈ ದಾರಿ ಮೂರನೆಯ ದಾರಿಯಾಗಿಬಿಡುತ್ತದೆ. ಆದ್ದರಿಂದ ನಿಭಾಯಿಸಬಲ್ಲ ದಿನವನ್ನೇ ಕೊಡಿ, ಕಂಪನಿಯ ವರದಿ ತಡವಾದರೆ 24ರಂದೇ "ವರದಿ ಬಂದಿಲ್ಲ, ಇಂಥ ದಿನ ಬರುತ್ತದೆ" ಎಂದು ಬರೆಯಿರಿ.

ವಿಭಕ್ತಿಯಲ್ಲಿ ಅಡಗಿದ ಒಪ್ಪಿಗೆ

ನಾಲ್ಕನೆಯ ದಾರಿ ಹಿಡಿದವರೂ ಜಾರುವುದು ಇಲ್ಲೇ. ಕನ್ನಡದಲ್ಲಿ "ಇಂದ" ಎಂಬ ಪ್ರತ್ಯಯ ಕಾರಣವನ್ನು ಹೊತ್ತುಕೊಂಡೇ ಬರುತ್ತದೆ. "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ" ಎಂದರೆ ತೊಂದರೆ ಆಗಿದೆ ಎಂದಷ್ಟೇ. "ನಮ್ಮಿಂದ ನಿಮಗಾದ ತೊಂದರೆಗೆ" ಎಂದಾಗ ಒಂದು ಪದ ಸೇರಿ ಪೂರ್ತಿ ಹೊಣೆ ಬಂತು. "ನಮ್ಮ ಬ್ಯಾಟರಿಯಿಂದ ಆದ ಗಾಯ" ಎಂಬುದೂ ಹಾಗೆಯೇ. ಬರೆದು ಮುಗಿಸಿದ ಮೇಲೆ ಮೇಲ್‌ನಲ್ಲಿ ಎಲ್ಲೆಲ್ಲಿ "ಇಂದ" ಇದೆ ಎಂದು ಒಮ್ಮೆ ಬೆರಳಿಟ್ಟು ನೋಡಿ. ಪರೀಕ್ಷೆಯಾಗದ ಕಾರಣವನ್ನು ಅದು ಹೇಳುತ್ತಿದ್ದರೆ ತೆಗೆಯಿರಿ.

"ಕ್ಷಮಿಸಿ" ಎಂಬ ಪದವನ್ನು ನಾವು ದಾರಿ ಬಿಡಿ ಎನ್ನುವುದಕ್ಕೂ ಬಳಸುತ್ತೇವೆ, ಮಾತಿನಲ್ಲಿ ಅದು ಹಗುರ. ಬರಹದಲ್ಲಿ ಹಾಗಲ್ಲ. ಕ್ಷಮೆ ಕೇಳಿದ್ದನ್ನು ಹೊಣೆಯ ಒಪ್ಪಿಗೆ ಎಂದು ತಿಳಿಯಬಾರದು ಎಂದು ಹೇಳುವ ಕಾನೂನು ಇಂಗ್ಲೆಂಡಿನಲ್ಲಿ 2006ರಿಂದ ಇದೆ. ನಮ್ಮಲ್ಲಿ ಅಂಥ ಸಾಮಾನ್ಯ ಕಾನೂನಿನ ಆಸರೆ ಇಲ್ಲ. "ವಿಷಾದಿಸುತ್ತೇವೆ" ಕಚೇರಿಯ ಸುತ್ತೋಲೆಯಂತೆ ತಣ್ಣಗಿರುತ್ತದೆ. ಇವೆರಡರ ನಡುವೆ ಬೇಕಾದಷ್ಟು ಜಾಗವಿದೆ: "ಓದಿ ಸಂಕಟವಾಯಿತು", "ಗಾಬರಿಯಾಯಿತು", "ತಾಯಿಯವರು ಬೇಗ ಗುಣವಾಗಲಿ". ಮನಸ್ಸಿನಿಂದ ಬಂದ ಮಾತಾದರೆ ಗಿರಾಕಿಗೆ ಅದು ತಿಳಿಯುತ್ತದೆ, ಕಾನೂನಿನ ತೊಡಕೂ ಇಲ್ಲ.

ಅವರು ಹೇಳಿದ್ದನ್ನು ತಿರುಗಿ ಹೇಳುವಾಗ "ಎಂದು ತಿಳಿಸಿದ್ದೀರಿ" ಬಳಸಿ. "ಬ್ಯಾಟರಿ ಸಿಡಿದಿದೆ ಎಂದು ತಿಳಿಸಿದ್ದೀರಿ" ಎಂದರೆ ಸಂಗತಿ ಅವರ ಬಾಯಲ್ಲೇ ಉಳಿಯುತ್ತದೆ. ಅದನ್ನೇ "ಸಿಡಿಯಿತಂತೆ" ಎಂದು ಬರೆದರೆ ನಂಬುವುದಿಲ್ಲ ಎಂದು ಅಣಕಿಸಿದಂತಾಗುತ್ತದೆ. ಗಾಯ ಕಣ್ಣಿಗೆ ಕಾಣುವ ಸಂಗತಿ, ಅದರ ಮೇಲೆ ಅನುಮಾನದ ಛಾಯೆ ಬೀಳಬಾರದು. ವಿಷಯದ ಸಾಲನ್ನೂ ನೋಡಿ. ಅವರು "ನಿಮ್ಮ ಬಾಂಬ್ ಬ್ಯಾಟರಿ" ಎಂದು ಹಾಕಿದ್ದರೆ ಉತ್ತರ ಅದೇ ತಲೆಬರಹದಲ್ಲಿ ಹೋಗುತ್ತದೆ. ಬಿಲ್ ನಂಬರು, ದೂರಿನ ದಿನಾಂಕ ಹಾಕಿ ಬದಲಿಸಿ.

ಮಾಲೀಕರು ಗಿರಾಕಿಯ ಮೇಲ್ ಅನ್ನು ಮೆಕ್ಯಾನಿಕ್‌ಗೆ ಕಳಿಸಿ "ಟರ್ಮಿನಲ್ ಸರಿಯಾಗಿ ಬಿಗಿ ಮಾಡಿದ್ದಿಯೇನು?" ಎಂದು ಕೇಳುತ್ತಾರೆ, ಅವನು "ನೆನಪಿಲ್ಲ ಅಣ್ಣ" ಎನ್ನುತ್ತಾನೆ. ಆಮೇಲೆ ಅದೇ ಸರಣಿಯ ಮೇಲೆ ಗಿರಾಕಿಗೆ ಉತ್ತರ ಬರೆದರೆ ಒಳಗಿನ ಮಾತೆಲ್ಲ ಅಡಿಯಲ್ಲಿ ಸೇರಿ ಹೋಗುತ್ತದೆ. ಗಿರಾಕಿಗೆ ಯಾವಾಗಲೂ ಅವರ ಮೂಲ ಮೇಲ್‌ನಿಂದಲೇ ಉತ್ತರಿಸಿ.

ಪರೀಕ್ಷೆಯ ದಿನ, ಆಮೇಲಿನ ಎರಡು ಮೇಲ್

ಮನೆಗೆ ಹೋದಾಗ ಮೊದಲು ಫೋಟೋ, ಆಮೇಲೆ ಕೈ. ಬ್ಯಾಟರಿಯ ಸೀರಿಯಲ್ ನಂಬರು, ಕಪಾಟಿನ ಬಾಗಿಲು ಮತ್ತು ತೂತುಗಳು, ಟರ್ಮಿನಲ್‌ಗಳಲ್ಲಿ ಸುಟ್ಟ ಗುರುತು, ಉಳಿದ ಸೆಲ್‌ಗಳ ನೀರಿನ ಮಟ್ಟ, ಇನ್ವರ್ಟರಿನಲ್ಲಿ ಬ್ಯಾಟರಿ ಬಗೆಯ ಸ್ವಿಚ್ ಎಲ್ಲಿದೆ ಎಂಬುದು. ಇನ್ವರ್ಟರಿಗೆ ಬೇರೆ ಒಳ್ಳೆಯ ಬ್ಯಾಟರಿ ಕೂಡಿಸಿ ಚಾರ್ಜಿಂಗ್ ವೋಲ್ಟೇಜ್ ಅಳೆಯಿರಿ. 14.4ರ ಆಸುಪಾಸು ಇದ್ದರೆ ಸಹಜ, 15 ದಾಟಿ ಅಲ್ಲೇ ನಿಂತರೆ ಇನ್ವರ್ಟರಿನ ಕಡೆಗೆ ಅನುಮಾನ ತಿರುಗುತ್ತದೆ. ಕಂಡದ್ದನ್ನಷ್ಟೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಅವರಿಗೆ ಕೊಡಿ. ಬ್ಯಾಟರಿ ಒಯ್ಯುವುದಾದರೆ ರಸೀದಿ ಕೊಟ್ಟೇ ಒಯ್ಯಿರಿ, ಅದನ್ನು ಕಾಪಾಡಿ. ಅಂಗಡಿಗೆ ತಂದ ಮೇಲೆ ಅದು ಗುಜರಿಗೆ ಹೋದರೆ, ನಿಮಗೆ ಪ್ರತಿಕೂಲವಾಗಿತ್ತು ಎಂದೇ ಮರೆಮಾಡಿದಿರಿ ಎಂದು ಆಯೋಗ ಊಹಿಸಬಹುದು.

ನಮ್ಮ ಉದಾಹರಣೆಯಲ್ಲಿ ಕಂಡದ್ದು ಹೀಗೆ ಎಂದುಕೊಳ್ಳೋಣ: ಚಾರ್ಜಿಂಗ್ 14.3 ವೋಲ್ಟ್, ಟರ್ಮಿನಲ್ ಬಿಗಿ. ಆರು ಸೆಲ್‌ಗಳಲ್ಲಿ ಒಡೆಯದೆ ಉಳಿದ ನಾಲ್ಕರಲ್ಲೂ ನೀರು ಪ್ಲೇಟಿಗಿಂತ ಕೆಳಗಿದೆ. ಕಪಾಟಿಗೆ ತೂತಿಲ್ಲ. ಕಾರ್ಡಿನಲ್ಲಿ ಆರು ಮತ್ತು ಹನ್ನೆರಡನೆಯ ತಿಂಗಳಿಗೆ ಅಂಗಡಿಯ ಉಚಿತ ಸರ್ವಿಸ್ ಇದೆ ಎಂದು ಬರೆದಿದೆ. ಆರನೆಯದಕ್ಕೆ ಸಹಿ ಇದೆ, ಹನ್ನೆರಡನೆಯದು ಖಾಲಿ.

ಈಗ ಚಿತ್ರ ಬದಲಾಯಿತು. ರಾಯಚೂರಿನ ಬೇಸಿಗೆಯಲ್ಲಿ ನೀರು ಬೇಗ ಇಳಿಯುತ್ತದೆ, ಡಿಸ್ಟಿಲ್ಡ್ ವಾಟರ್ ಹಾಕುವುದು ಮನೆಯವರ ಕೆಲಸ. ಆದರೆ ಆ ಭೇಟಿ ನಡೆದಿದ್ದರೆ ನೀರು ಇಳಿದದ್ದೂ ಕಪಾಟು ಮುಚ್ಚಿದ್ದೂ ಕಣ್ಣಿಗೆ ಬೀಳುತ್ತಿತ್ತು. ತಾನೇ ಬರೆದುಕೊಟ್ಟ ಭೇಟಿಯನ್ನು ತಪ್ಪಿಸಿದ್ದು ಅಂಗಡಿಯ ಪಾಲು. ಹೊಣೆಯನ್ನು ಬೇಗ ಒಪ್ಪಬೇಡಿ ಎಂಬ ಮಾತಿಗೆ ಇಲ್ಲಿ ಗಡಿ ಬರುತ್ತದೆ. ಗೊತ್ತಾದ ಮೇಲೂ "ಪರಿಶೀಲಿಸುತ್ತಿದ್ದೇವೆ" ಎಂದು ಎಳೆಯುವುದು, ಖಾಲಿ ಜಾಗಕ್ಕೆ ಹಳೆಯ ದಿನಾಂಕದ ಸಹಿ ಹಾಕುವುದು ಎಚ್ಚರಿಕೆಯಲ್ಲ, ಮೋಸ.

ವಿಮೆಯವರಿಗೂ ಕಂಪನಿಗೂ ಹಾಳೆಯ ಪ್ರತಿ ಕಳಿಸಿ, ವಕೀಲರಿಗೊಮ್ಮೆ ತೋರಿಸಿ, ಎರಡು ಪ್ರತ್ಯೇಕ ಮೇಲ್ ಬರೆಯಿರಿ. ಮೊದಲನೆಯದರಲ್ಲಿ ಬರೀ ಸಂಗತಿ: ಅಳತೆಗಳು, ನೀರಿನ ಮಟ್ಟ, ಕಪಾಟು, "12ನೇ ತಿಂಗಳ ಭೇಟಿ ನಡೆದ ದಾಖಲೆ ನಮ್ಮಲ್ಲಿ ಇಲ್ಲ" ಎಂಬ ಸಾಲೂ ಸೇರಿ. ಸಂಗತಿಯನ್ನು ಹೇಳಿದ್ದೀರಿ, ಅದರಿಂದಲೇ ಸಿಡಿಯಿತು ಎಂಬ ತೀರ್ಮಾನವನ್ನು ಹೇಳಿಲ್ಲ. ಎರಡನೆಯದು ರಾಜಿಯ ಮೇಲ್. "ವಿದೌಟ್ ಪ್ರಿಜುಡೀಸ್" ಎಂಬುದಕ್ಕೆ ನಿಜವಾದ ಜಾಗ ಇದೇ, ಅದರ ಅರ್ಥವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿ:

"ಈ ಮೇಲ್ ರಾಜಿ ಮಾತುಕತೆಗಾಗಿ ಮಾತ್ರ. ಇದನ್ನು ಎರಡೂ ಕಡೆಯವರು ಯಾವುದೇ ಕೋರ್ಟು ಅಥವಾ ಆಯೋಗದಲ್ಲಿ ಸಾಕ್ಷಿಯಾಗಿ ಬಳಸಬಾರದು ಎಂಬ ಷರತ್ತಿನ ಮೇಲೆ ಬರೆಯುತ್ತಿದ್ದೇನೆ. ಹೊಣೆ ಯಾರದು ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಹೊಸ ಬ್ಯಾಟರಿ, ದವಾಖಾನೆಯ ಖರ್ಚು 6,200 ರೂಪಾಯಿ ಮತ್ತು ಕಪಾಟಿನ ದುರಸ್ತಿಗೆ 9,000 ರೂಪಾಯಿ ಕೊಡಲು ಸಿದ್ಧನಿದ್ದೇನೆ."

ಅವರು ಒಪ್ಪಿದರೆ, ಈ ಘಟನೆಯ ಎಲ್ಲ ಬೇಡಿಕೆಗಳೂ ಇದರಲ್ಲಿ ತೀರಿದವು ಎಂಬ ಸಹಿಯ ಪತ್ರದೊಂದಿಗೆ ಹಣವನ್ನು ಬ್ಯಾಂಕ್ ಮೂಲಕ ಕೊಡಿ. ಪತ್ರವಿಲ್ಲದೆ ಕೈಯಲ್ಲಿ ಕೊಟ್ಟರೆ ಅದು ಮೊದಲ ಕಂತು ಎಂದಾಗುತ್ತದೆ.

ಒಪ್ಪದಿದ್ದರೆ ಅವರಿಗೆ ದೂರು ಕೊಡಲು ಎರಡು ವರ್ಷದ ಅವಧಿ ಇದೆ, ಅಷ್ಟು ದಿನ ಮೇಲ್‌ಗಳನ್ನೂ ಬ್ಯಾಟರಿಯನ್ನೂ ಇಟ್ಟುಕೊಳ್ಳಿ. ವಕೀಲರ ನೋಟಿಸ್ ಬಂದರೆ ಅಲ್ಲಿಂದ ಮುಂದೆ ನೀವಾಗಿ ಏನೂ ಬರೆಯಬೇಡಿ. ಆಯೋಗದಿಂದ ದೂರಿನ ಪ್ರತಿ ಬಂದರೆ ಉತ್ತರಕ್ಕೆ 30 ದಿನ, ಹೆಚ್ಚೆಂದರೆ ಮತ್ತೆ 15 ದಿನ. ಅದನ್ನು ಮೀರಿ ಅವಧಿ ವಿಸ್ತರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2020ರಲ್ಲಿ ಹೇಳಿದೆ. ಲಕೋಟೆ ಕೈಗೆ ಬಂದ ದಿನಾಂಕವನ್ನು ಅದರ ಮೇಲೆಯೇ ಬರೆದು, ಅದೇ ದಿನ ವಕೀಲರ ಬಳಿಗೆ ಒಯ್ಯಿರಿ.